ಟವೆಲ್ ನೀರು ಕುಡಿಯದಿದ್ದರೆ, ಜಿಮ್ ಬಟ್ಟೆ ವಾಸನೆ ಬಿಡದಿದ್ದರೆ

ಪ್ರಶ್ನೆ: ಮೇಡಂ, ಎಂಟು ತಿಂಗಳ ಹಿಂದೆ ದಪ್ಪನೆಯ ನಾಲ್ಕು ಟವೆಲ್ ತಗೊಂಡೆ. ನಮ್ಮದು ಬೋರ್‌ವೆಲ್ ನೀರು, ಒರಟಾಗುತ್ತವೆ ಅಂತ ಪ್ರತಿ ಸಲ ಒಗೆಯುವಾಗಲೂ ಫ್ಯಾಬ್ರಿಕ್ ಕಂಡಿಷನರ್ ಹಾಕ್ತೀನಿ. ಈಗ ಮುಟ್ಟಿದರೆ ಬೆಣ್ಣೆ ಹಾಗಿವೆ, ಆದರೆ ಮೈ ಒರೆಸಿಕೊಂಡರೆ ನೀರು ಹೋಗೋದೇ ಇಲ್ಲ. ಮಗನ ಜಿಮ್ ಟೀ ಶರ್ಟ್ ಕೂಡ ಹಾಗೇ, ಒಗೆದು ಒಣಗಿಸಿದ್ದನ್ನು ಹಾಕಿಕೊಂಡ ಹತ್ತು ನಿಮಿಷಕ್ಕೆ ವಾಸನೆ. ಕಂಡಿಷನರ್ ಪೂರ್ತಿ ಬಿಟ್ಟುಬಿಡಬೇಕಾ? ಟವೆಲ್ ಮತ್ತೆ ಸರಿಹೋಗುತ್ತವಾ?
– ಓದುಗರು, ಬೆಂಗಳೂರು

ಉತ್ತರ: ಪೂರ್ತಿ ಬಿಡಬೇಕಿಲ್ಲ. ಟವೆಲ್‌ಗೆ ಮತ್ತು ಜಿಮ್ ಬಟ್ಟೆಗೆ ಇವತ್ತಿನಿಂದಲೇ ಬಿಡಿ. ಬೆಡ್‌ಶೀಟಿಗೆ, ಸ್ವೆಟರಿಗೆ, ಕರೆಂಟ್ ಹೊಡೆಯುವ ಸಿಂಥೆಟಿಕ್ ಸೀರೆಗೆ ಇಟ್ಟುಕೊಳ್ಳಿ. ಟವೆಲ್ ಬಹುತೇಕ ಸರಿಹೋಗುತ್ತವೆ. ಟೀ ಶರ್ಟಿನ ವಿಷಯ ಸ್ವಲ್ಪ ಬೇರೆ, ಅದನ್ನು ಮುಂದೆ ಹೇಳುತ್ತೇನೆ.

ಮೊದಲು ಒಂದು ಸಣ್ಣ ಪರೀಕ್ಷೆ ಮಾಡಿ. ಒಣಗಿದ ಟವೆಲನ್ನು ಮೇಜಿನ ಮೇಲೆ ಹರಡಿ. ಔಷಧಿ ಹಾಕುವ ಡ್ರಾಪರಿನಿಂದ, ಅದಿಲ್ಲದಿದ್ದರೆ ಬೆರಳ ತುದಿಯಿಂದ, ಒಂದು ಸೆಂಟಿಮೀಟರ್ ಎತ್ತರದಿಂದ ಒಂದೇ ಒಂದು ಹನಿ ನೀರು ಬಿಡಿ. ಹನಿ ಬಿದ್ದಾಗ ಅದರ ಮೇಲೆ ಬೆಳಕು ಕನ್ನಡಿಯ ಹಾಗೆ ಹೊಳೆಯುತ್ತದೆ. ಆ ಹೊಳಪು ಹೋಗಿ ಬರೀ ಒದ್ದೆ ಕಲೆ ಉಳಿಯುವವರೆಗೆ ಎಷ್ಟು ಸೆಕೆಂಡ್ ಆಯಿತು ಅಂತ ಎಣಿಸಿ. ಜವಳಿ ಲ್ಯಾಬಿನಲ್ಲಿ ನಾವು ಮಾಡುತ್ತಿದ್ದ ಪರೀಕ್ಷೆಯೂ ಸುಮಾರಾಗಿ ಇದೇ. ಐದು ಸೆಕೆಂಡಿನೊಳಗೆ ಇಂಗಿದರೆ ಬಟ್ಟೆ ಚೆನ್ನಾಗಿ ನೀರು ಕುಡಿಯುತ್ತದೆ ಅಂತ ಲೆಕ್ಕ. ನಿಮ್ಮ ಟವೆಲ್ ಮೇಲೆ ಹನಿ ಕೆಸುವಿನ ಎಲೆಯ ಮೇಲೆ ನಿಂತ ಹಾಗೆ ಉಂಡೆಯಾಗಿ ನಿಂತರೆ ಆಶ್ಚರ್ಯ ಪಡಬೇಡಿ. ಒಂದೇ ಜಾಗದಲ್ಲಿ ನೋಡಿ ಬಿಡಬೇಡಿ. ಮಧ್ಯದಲ್ಲಿ ಎರಡು ಕಡೆ, ಅಂಚಿನಲ್ಲಿ ಎರಡು ಕಡೆ ನೋಡಿ ಬರೆದಿಟ್ಟುಕೊಳ್ಳಿ. ಆಮೇಲೆ ಹೋಲಿಸಲು ಬೇಕಾಗುತ್ತದೆ.

ಹನಿ ಯಾಕೆ ನಿಲ್ಲುತ್ತದೆ ಅನ್ನೋದು ಗೊತ್ತಾದರೆ ಮಿಕ್ಕಿದ್ದೆಲ್ಲ ತಾನಾಗಿ ಅರ್ಥವಾಗುತ್ತದೆ. ಕಂಡಿಷನರ್ ಅಂದರೆ ನೀರಿನಲ್ಲಿ ಕದಡಿದ ಒಂದು ಬಗೆಯ ಕೊಬ್ಬು. ಈಗಿನ ಹೆಚ್ಚಿನ ಕಂಡಿಷನರ್‌ಗಳಲ್ಲಿ ಇರುವುದು ಎಸ್ಟರ್‌ಕ್ವಾಟ್ ಅನ್ನುವ ವಸ್ತು. ಅದಕ್ಕೊಂದು ತಲೆ, ಎರಡು ಬಾಲ. ಬಾಲ ತಾಳೆ ಎಣ್ಣೆಯಿಂದಲೋ ಪ್ರಾಣಿ ಕೊಬ್ಬಿನಿಂದಲೋ ಬಂದ ಜಿಡ್ಡು. ತಲೆಗೆ ಧನ ವಿದ್ಯುದಂಶ ಇರುತ್ತದೆ. ಹತ್ತಿಯ ನೂಲು ನೀರಿನಲ್ಲಿ ಸ್ವಲ್ಪ ಋಣ ವಿದ್ಯುದಂಶ ಪಡೆಯುತ್ತದೆ. ಹಾಗಾಗಿ ಕೊನೆಯ ಜಾಲಿಸುವ ನೀರಿಗೆ ಕಂಡಿಷನರ್ ಹಾಕಿದ ಕೂಡಲೇ ತಲೆ ಹೋಗಿ ಹತ್ತಿಗೆ ಅಂಟಿಕೊಳ್ಳುತ್ತದೆ, ಜಿಡ್ಡಿನ ಬಾಲ ಹೊರಗೆ ಚಾಚಿ ನಿಲ್ಲುತ್ತದೆ. ತಲೆಗೆ ಎಣ್ಣೆ ಹಚ್ಚಿದರೆ ಕೂದಲು ಒಂದರ ಮೇಲೊಂದು ಜಾರುತ್ತದಲ್ಲ, ಹಾಗೆ ನೂಲಿನ ಎಳೆಗಳು ಜಾರುತ್ತವೆ. ಕೈಗೆ ಮೆತ್ತಗೆ ಅನ್ನಿಸುವುದು ಈ ಜಾರುವಿಕೆಯೇ.

ಈಗ ಟವೆಲನ್ನು ಹತ್ತಿರದಿಂದ ನೋಡಿ. ಅದರ ಮೇಲೆಲ್ಲ ಸಣ್ಣ ಸಣ್ಣ ಕುಣಿಕೆಗಳಿವೆ. ಒಂದೊಂದು ಕುಣಿಕೆಯೂ ನೂರಾರು ಹತ್ತಿ ಎಳೆ ಸೇರಿದ ನೂಲು. ನೀರನ್ನು ಎಳೆದುಕೊಳ್ಳುವುದು ಆ ಎಳೆಗಳ ನಡುವಿನ ಸಂದುಗಳು. ದೀಪದ ಬತ್ತಿ ಎಣ್ಣೆ ಹೀರುವುದೂ ಇದೇ ರೀತಿ. ಆದರೆ ನೀರು ಸಂದಿನೊಳಗೆ ಹತ್ತಬೇಕಾದರೆ ಮೊದಲು ಎಳೆಯ ಮೈಗೆ ಅಂಟಬೇಕು. ಎಳೆಯ ಮೇಲೆ ಜಿಡ್ಡಿನ ಪದರ ಇದ್ದರೆ ನೀರು ಅಂಟುವುದಿಲ್ಲ, ಹನಿಯಾಗಿಯೇ ನಿಲ್ಲುತ್ತದೆ.

ಒಂದು ಸಲ ಹಾಕಿದ್ದಕ್ಕೆ ಟವೆಲ್ ಕೆಡುವುದಿಲ್ಲ, ಇದನ್ನು ಸ್ಪಷ್ಟವಾಗಿ ಹೇಳಬೇಕು. ಒಂದು ಒಗೆತದ ಪದರ ತೆಳುವಾಗಿರುತ್ತದೆ. ತೊಂದರೆ ಆಗುವುದು ವಾರಕ್ಕೆ ಎರಡು ಸಲದಂತೆ ತಿಂಗಳುಗಟ್ಟಲೆ ಹಾಕಿದಾಗ. ಪ್ರತಿ ಸಲ ಹೊಸ ಪದರ ಸೇರುತ್ತದೆ, ತಣ್ಣೀರ ಒಗೆತದಲ್ಲಿ ಹಳೆಯದು ಪೂರ್ತಿ ಹೋಗುವುದಿಲ್ಲ. ಇನ್ನೊಂದು ಮಾತು. ಟವೆಲನ್ನು ನೀರಿನಲ್ಲಿ ಮುಳುಗಿಸಿ ಹಿಂಡಿದರೆ ಅದು ಮೊದಲಿನಷ್ಟೇ ನೀರು ಹಿಡಿದ ಹಾಗೆ ಕಾಣಬಹುದು. ಹಿಡಿಯುವ ಪ್ರಮಾಣಕ್ಕಿಂತ ಹೀರುವ ವೇಗಕ್ಕೆ ಪೆಟ್ಟು ಜಾಸ್ತಿ. ಮೈ ಒರೆಸಿಕೊಳ್ಳುವಾಗ ಟವೆಲ್ ಒಂದು ಜಾಗದಲ್ಲಿ ಇರುವುದು ಒಂದೆರಡು ಸೆಕೆಂಡ್ ಮಾತ್ರ. ಅಷ್ಟರಲ್ಲಿ ಹೀರದಿದ್ದರೆ ಅದು ನೀರನ್ನು ಮೈ ಮೇಲೆ ಅತ್ತಿಂದಿತ್ತ ತಳ್ಳುತ್ತದೆ ಅಷ್ಟೇ.

ಅಂಗಡಿಯಿಂದ ತಂದ ಹೊಸ ಟವೆಲ್ ಕೂಡ ನೀರು ಕುಡಿಯದಿರುವುದಕ್ಕೆ ಇದೇ ಕಾರಣ. ಕೈಗೆ ಮೆತ್ತಗಿದ್ದರೆ ಮಾರಾಟವಾಗುತ್ತದೆ ಅಂತ ಕಾರ್ಖಾನೆಯಲ್ಲೇ ಕೊನೆಗೆ ಸಾಫ್ಟ್‌ನರ್, ಸಿಲಿಕೋನ್ ಹಚ್ಚಿ ಕಳಿಸುತ್ತಾರೆ. ಎರಡು ಮೂರು ಸಲ ಒಗೆದ ಮೇಲೆ ಅದು ಹೋಗಿ ಟವೆಲ್ ಕೆಲಸಕ್ಕೆ ಬರುತ್ತದೆ. ನೀವು ಆ ಪದರ ಹೋಗುವ ಮುಂಚೆಯೇ ಇನ್ನೊಂದನ್ನು ಹಚ್ಚುತ್ತಾ ಬಂದಿದ್ದೀರಿ. ಪಾಪ, ಆ ಟವೆಲ್‌ಗಳಿಗೆ ನೀರು ಕುಡಿಯುವ ಅವಕಾಶವೇ ಸಿಕ್ಕಿಲ್ಲ.

ಹಾಗಾದರೆ ಒರಟುತನಕ್ಕೆ ಏನು ಮಾಡಬೇಕು? ನಿಮ್ಮ ಪ್ರಶ್ನೆಯ ನಿಜವಾದ ಬೇರು ಇಲ್ಲಿದೆ. ಬೋರ್‌ವೆಲ್ ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಜಾಸ್ತಿ. ಕುಡಿಯುವ ನೀರಿನ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು, ಬೇರೆ ದಾರಿ ಇಲ್ಲದಿದ್ದರೆ 600ರವರೆಗೆ ನಡೆಯುತ್ತದೆ ಅನ್ನುವುದು ಬಿಐಎಸ್ ಮಾನದಂಡ. ಬೋರ್‌ವೆಲ್ ನೀರು ಎಷ್ಟೋ ಕಡೆ ಆ ಮೇಲಿನ ಮಿತಿಯ ಹತ್ತಿರವೇ ಇರುತ್ತದೆ. ಈ ನೀರಿನಲ್ಲಿ ನೊರೆ ಬರುವುದಿಲ್ಲ. ನೊರೆ ಬರಲಿಲ್ಲ ಅಂತ ನಾವು ಇನ್ನೊಂದು ಹಿಡಿ ಪುಡಿ ಹಾಕುತ್ತೇವೆ. ಅದು ಪೂರ್ತಿ ಜಾಲಿಹೋಗದೆ ಕುಣಿಕೆಗಳ ಬುಡದಲ್ಲಿ ಸುಣ್ಣದ ಜೊತೆ ಸೇರಿ ಕೂರುತ್ತದೆ. ಟವೆಲ್ ಒಣಗಿದಾಗ ಹಪ್ಪಳದ ಹಾಗೆ ಗಟ್ಟಿಯಾಗುತ್ತದೆ. ಮೆತ್ತಗಾಗಲಿ ಅಂತ ಕಂಡಿಷನರ್ ಸುರಿಯುತ್ತೇವೆ. ಈಗ ಸುಣ್ಣ, ಸೋಪು, ಕೊಬ್ಬು ಮೂರೂ ಒಂದೇ ಕಡೆ.

ಬಟ್ಟೆ ಒಗೆಯುವ ಬಾರ್ ಸೋಪನ್ನು ಟವೆಲ್ ಮೇಲೆ ಉಜ್ಜುವ ಅಭ್ಯಾಸ ಇದ್ದರೆ ಅದನ್ನೂ ನಿಲ್ಲಿಸಿ. ಆ ಬಾರ್‌ಗಳಲ್ಲಿ ಗಟ್ಟಿತನಕ್ಕೆಂದು ಕಲ್ಲಿನ ಪುಡಿ, ಬಿಳಿ ಜೇಡಿ ಮಣ್ಣು ಸೇರಿಸಿರುತ್ತಾರೆ. ಅಂಗಿಯ ಕಾಲರಿಗೆ ಉಜ್ಜಿದರೆ ಸುಲಭವಾಗಿ ಜಾಲಿ ಹೋಗುತ್ತದೆ. ಟವೆಲಿನ ಕುಣಿಕೆಯೊಳಗೆ ಸಿಕ್ಕಿದ್ದು ಹೋಗುವುದು ಕಷ್ಟ.

ಒರಟಾಗಲು ಇನ್ನೊಂದು ಕಾರಣವೂ ಇದೆ, ಅದು ನನಗೆ ಬಹಳ ಇಷ್ಟವಾದ ಸಂಗತಿ. ಶುದ್ಧ ನೀರಿನಲ್ಲಿ ಒಗೆದರೂ ಹಗ್ಗದ ಮೇಲೆ ಅಲುಗಾಡದೆ ಒಣಗಿದ ಹತ್ತಿ ಸ್ವಲ್ಪ ಗಟ್ಟಿಯಾಗುತ್ತದೆ. ಜಪಾನಿನ ಕಾವೋ ಕಂಪನಿ ಮತ್ತು ಹೊಕ್ಕೈಡೋ ವಿಶ್ವವಿದ್ಯಾಲಯದವರು ಸೇರಿ ಇದನ್ನು ಅಧ್ಯಯನ ಮಾಡಿ 2020ರಲ್ಲಿ ಪ್ರಕಟಿಸಿದರು. ಬಟ್ಟೆ ಒಣಗಿದ ಮೇಲೂ ಹತ್ತಿಯ ಮೈಗೆ ಅಂಟಿಕೊಂಡು ಸ್ವಲ್ಪ ನೀರು ಉಳಿಯುತ್ತದೆ, ಅದೇ ಒಂದು ಎಳೆಯನ್ನು ಪಕ್ಕದ ಎಳೆಗೆ ಅಂಟಿನ ಹಾಗೆ ಕಟ್ಟಿ ಹಿಡಿಯುತ್ತದೆ ಅಂತ ಅವರು ಹೇಳುತ್ತಾರೆ. ಈ ಅಂಟು ಬಲವಾದದ್ದೇನಲ್ಲ. ಜೋರಾಗಿ ನಾಲ್ಕು ಸಲ ಜಾಡಿಸಿದರೆ ಬಿಟ್ಟುಕೊಳ್ಳುತ್ತದೆ. ಗಾಳಿಯಲ್ಲಿ ಪಟಪಟ ಬಡಿದುಕೊಂಡು ಒಣಗಿದ ಟವೆಲ್ ಮೆತ್ತಗಿರುವುದೂ, ಗಾಳಿಯಿಲ್ಲದ ಬಾಲ್ಕನಿಯಲ್ಲಿ ಒಣಗಿದ್ದು ಒರಟಾಗುವುದೂ ಇದೇ ಕಾರಣಕ್ಕೆ. ಇಂಥ ಒರಟುತನ ಮೈಯ ನೀರು ತಗುಲಿದ ಕೂಡಲೇ ಹೋಗುತ್ತದೆ, ಟವೆಲ್ ಚೆನ್ನಾಗಿಯೇ ಹೀರುತ್ತದೆ. ಮಂಗಳೂರು ಕಡೆ ಬೈರಾಸು ಬಳಸುವವರನ್ನು ಕೇಳಿ ನೋಡಿ. ಅಷ್ಟು ತೆಳು ಬಟ್ಟೆ, ಯಾರೂ ಅದಕ್ಕೆ ಕಂಡಿಷನರ್ ಹಾಕುವುದಿಲ್ಲ, ಮೈ ಮಾತ್ರ ಸರಿಯಾಗಿ ಒಣಗುತ್ತದೆ.

ಈಗ ರಿಪೇರಿ. ಹೋದ ವರ್ಷ ನನ್ನ ತಂಗಿಯ ಮನೆಯಲ್ಲಿ ಮಾಡಿದ್ದನ್ನೇ ಹೇಳುತ್ತೇನೆ, ಅವಳದೂ ಬೋರ್‌ವೆಲ್ ನೀರು. ತಿಳಿ ನೀಲಿ ಬಣ್ಣದ ಎರಡು ಟವೆಲ್, ಒಂದು ವರ್ಷ ಕಂಡಿಷನರ್ ಉಂಡವು. ಹನಿ ಬಿಟ್ಟು ಎಣಿಸಿದಾಗ 50 ಸೆಕೆಂಡ್ ದಾಟಿತು. ಟವೆಲ್ ಓರೆ ಮಾಡಿದರೆ ಹನಿ ಉರುಳಿಯೇ ಹೋಯಿತು.

ಒಂದು ಬಕೆಟ್‌ನಲ್ಲಿ ಸುಮಾರು 15 ಲೀಟರ್ ನೀರು ತಗೊಂಡೆವು. ಅರ್ಧ ಕುದಿಯುವ ನೀರು, ಅರ್ಧ ನಲ್ಲಿ ನೀರು ಸೇರಿಸಿದರೆ ಹತ್ತಿರ ಹತ್ತಿರ 60 ಡಿಗ್ರಿ ಬರುತ್ತದೆ, ಥರ್ಮಾಮೀಟರ್ ಬೇಕಿಲ್ಲ. ಅದಕ್ಕೆ ಮೂರು ಟೇಬಲ್ ಚಮಚ ವಾಷಿಂಗ್ ಸೋಡಾ, ಒಂದು ಚಮಚ ಸೋಪಿನ ಪುಡಿ. ವಾಷಿಂಗ್ ಸೋಡಾ ಅಂದರೆ ಬಟ್ಟೆ ಸೋಡಾ, ದಿನಸಿ ಅಂಗಡಿಯಲ್ಲಿ ಸಿಗುತ್ತದೆ. ಇಡ್ಲಿಗೆ ಹಾಕುವ ಅಡುಗೆ ಸೋಡಾ ಬೇರೆ, ಅದರ ಕ್ಷಾರ ಇದಕ್ಕೆ ಸಾಲದು. ಕೈಗೆ ಗ್ಲೌಸ್ ಹಾಕಿಕೊಂಡು, ಟವೆಲ್ ಮುಳುಗಿಸಿ, ಮುಚ್ಚಿ ಎರಡು ಗಂಟೆ ಬಿಟ್ಟೆವು. ನಡುವೆ ಎರಡು ಸಲ ಕೋಲಿನಿಂದ ತಿರುವಿದೆವು.

ಇಲ್ಲಿ ಸೋಡಾ ಯಾಕೆ ಅಂದರೆ, ಎಸ್ಟರ್‌ಕ್ವಾಟ್‌ನಲ್ಲಿ ತಲೆಗೂ ಬಾಲಕ್ಕೂ ನಡುವೆ ಇರುವ ಕೊಂಡಿ ಕ್ಷಾರದಲ್ಲಿ, ಅದೂ ಬಿಸಿಯಲ್ಲಿ, ಬಿಟ್ಟುಕೊಳ್ಳುತ್ತದೆ. ಹಳೆಯ ಕಾಲದ ಸಾಫ್ಟ್‌ನರ್‌ನಲ್ಲಿ ಆ ದುರ್ಬಲ ಕೊಂಡಿ ಇರಲಿಲ್ಲ. ಅದು ಮಣ್ಣಿನಲ್ಲಿ, ಹೊಳೆಯಲ್ಲಿ ಬೇಗ ಕೊಳೆಯುವುದಿಲ್ಲ ಅಂತಲೇ ಎಸ್ಟರ್‌ಕ್ವಾಟ್ ಬಂತು. ಬೇಗ ಕೊಳೆಯಲಿ ಅಂತ ಇಟ್ಟ ಆ ಕೊಂಡಿಯೇ ಈಗ ನಮಗೂ ಟವೆಲ್ ಬಿಡಿಸಿಕೊಳ್ಳಲು ಉಪಕಾರಕ್ಕೆ ಬರುತ್ತದೆ.

ಎರಡು ಗಂಟೆ ಆದ ಮೇಲೆ ನೀರು ಮಜ್ಜಿಗೆ ನೀರಿನ ಬಣ್ಣಕ್ಕೆ ತಿರುಗಿತ್ತು. ಬೆರಳಿಗೆ ಲೋಳೆ ಲೋಳೆ. ಮುಖ್ಯವಾಗಿ, ಕಂಡಿಷನರಿನ ಹೂವಿನ ಪರಿಮಳ ಬಕೆಟ್ ತುಂಬ ಏಳುತ್ತಿತ್ತು. ಒಳಗೆ ಕೂತಿದ್ದದ್ದು ಹೊರಗೆ ಬರುತ್ತಿದೆ ಅನ್ನುವುದಕ್ಕೆ ಆ ವಾಸನೆಯೇ ಗುರುತು. ಎರಡು ಸಲ ನೀರು ಬದಲಿಸಿ ಜಾಲಿಸಿ ಒಣಗಿಸಿದಾಗ ಹನಿ 20 ಸೆಕೆಂಡಿಗೆ ಇಂಗಿತು. ಮಾರನೇ ದಿನ ಇದನ್ನೇ ಇನ್ನೊಮ್ಮೆ ಮಾಡಿದ ಮೇಲೆ 8 ಸೆಕೆಂಡ್.

ಇಲ್ಲಿಗೆ ನಿಲ್ಲಿಸಬಾರದು. ಗಡಸು ನೀರಿಗೆ ವಾಷಿಂಗ್ ಸೋಡಾ ಬಿದ್ದರೆ ಸುಣ್ಣ ಪುಡಿಯಾಗಿ ಕೆಳಗಿಳಿಯುತ್ತದೆ, ಅದರಲ್ಲಿ ಒಂದಿಷ್ಟು ಟವೆಲ್ ಮೇಲೇ ಕೂರುತ್ತದೆ. ಅದನ್ನು ಕರಗಿಸಲು ಹುಳಿ ಬೇಕು. ಇನ್ನೊಂದು 15 ಲೀಟರ್ ತಣ್ಣೀರಿಗೆ ಒಂದೂವರೆ ಟೇಬಲ್ ಚಮಚ ನಿಂಬೆ ಉಪ್ಪು ಕರಗಿಸಿ, ಅರ್ಧ ಗಂಟೆ ನೆನೆಸಿದೆವು. ಅರ್ಧ ಚಮಚ ಸಾಲದು. ಆ ನೀರಿನಲ್ಲಿರುವ ಗಡಸೇ ಅಷ್ಟು ಹುಳಿಯನ್ನು ತಿಂದು ಮುಗಿಸುತ್ತದೆ, ಟವೆಲ್‌ಗೆ ಏನೂ ಉಳಿಯುವುದಿಲ್ಲ. ಆಮೇಲೆ ಮೆಷಿನ್‌ಗೆ ಹಾಕಿ, ಸೋಪೂ ಇಲ್ಲದೆ ಕಂಡಿಷನರೂ ಇಲ್ಲದೆ ಬರೀ ನೀರಿನಲ್ಲಿ ಒಂದು ಸುತ್ತು. ಒಣಗಿದ ಮೇಲೆ ಹನಿ ಬಿದ್ದ ಕೂಡಲೇ ಮಾಯ, ಎಣಿಸುವಷ್ಟರಲ್ಲಿ ಎರಡು ಸೆಕೆಂಡ್. ತಂಗಿ ಮೂರು ನಾಲ್ಕು ಸಲ ತಾನೇ ಹನಿ ಬಿಟ್ಟು ನೋಡಿದಳು.

ಮಾಡುವ ಮುಂಚೆ ಎರಡು ಎಚ್ಚರ. ಗಾಢ ಬಣ್ಣದ ಟವೆಲ್ ಆದರೆ ಒಂದು ಮೂಲೆಯನ್ನು ಬಿಸಿ ಸೋಡಾ ನೀರಿನಲ್ಲಿ ಹತ್ತು ನಿಮಿಷ ಅದ್ದಿ, ಬಿಳಿ ಬಟ್ಟೆಯಿಂದ ಒತ್ತಿ ನೋಡಿ. ಬಣ್ಣ ಬಿಟ್ಟರೆ ಬಿಸಿ ಕಡಿಮೆ ಮಾಡಿ, ಹೊತ್ತು ಜಾಸ್ತಿ ಕೊಡಿ. ಎರಡನೆಯದು ಪ್ರಾಣಕ್ಕೆ ಸಂಬಂಧಿಸಿದ್ದು: ನಿಂಬೆ ಉಪ್ಪಾಗಲಿ ವಿನಿಗರ್ ಆಗಲಿ, ಯಾವ ಹುಳಿಯನ್ನೂ ಬ್ಲೀಚ್ ಜೊತೆ ಸೇರಿಸಬೇಡಿ. ವಿಷದ ಕ್ಲೋರಿನ್ ಗಾಳಿ ಬರುತ್ತದೆ.

ಇಷ್ಟೆಲ್ಲ ಮಾಡಿದರೂ ಹನಿ ನಿಲ್ಲುತ್ತಿದ್ದರೆ? ಕಾರ್ಖಾನೆಯ ಸಿಲಿಕೋನ್ ಇನ್ನೂ ಇದೆ ಅಂತ ಊಹಿಸಬಹುದು. ಅದು ಸೋಡಾಕ್ಕೆ ಜಗ್ಗುವುದಿಲ್ಲ. ಮಾಮೂಲಿ ಬಿಸಿ ಒಗೆತದಲ್ಲಿ ನಿಧಾನಕ್ಕೆ ಸವೆಯಬೇಕು. ಅಥವಾ ಟವೆಲ್‌ನಲ್ಲಿ ಹತ್ತಿಗಿಂತ ಪಾಲಿಯೆಸ್ಟರ್ ಜಾಸ್ತಿ ಇರಬಹುದು, ಲೇಬಲ್ ನೋಡಿ. ಅದಕ್ಕೆ ಯಾವ ಒಗೆತವೂ ಪರಿಹಾರ ಅಲ್ಲ.

ಇನ್ನು ಮುಂದಕ್ಕೆ ಟವೆಲನ್ನು ಬೇರೆ ಬಟ್ಟೆಯಿಂದ ಬೇರೆ ಮಾಡಿ ಒಗೆಯಿರಿ. ಡ್ರಮ್ ಮುಕ್ಕಾಲು ಭಾಗಕ್ಕಿಂತ ಹೆಚ್ಚು ತುಂಬಬೇಡಿ, ಕುಣಿಕೆಗಳ ಒಳಗೆ ನೀರು ಓಡಾಡಲು ಜಾಗ ಬೇಕು. ಪುಡಿಗಿಂತ ಲಿಕ್ವಿಡ್ ಗಡಸು ನೀರಿನಲ್ಲಿ ಸುಲಭವಾಗಿ ಜಾಲಿ ಹೋಗುತ್ತದೆ. ಒಂದು ರಿನ್ಸ್ ಜಾಸ್ತಿ ಕೊಡಿ. ತಿಂಗಳಿಗೊಮ್ಮೆ ನಿಂಬೆ ಉಪ್ಪಿನ ನೀರು ಸಾಕು. ಹಗ್ಗಕ್ಕೆ ಹಾಕುವ ಮುಂಚೆ ಜೋರಾಗಿ ಜಾಡಿಸಿ, ತೆಗೆದ ಮೇಲೆ ಇನ್ನೊಮ್ಮೆ ಜಾಡಿಸಿ. ಡ್ರೈಯರ್ ಇದ್ದರೆ ಹತ್ತು ನಿಮಿಷ ತಿರುಗಿಸಿ, ಅಷ್ಟಕ್ಕೇ ಮೆತ್ತಗಾಗುತ್ತದೆ. ಕಂಡಿಷನರ್ ಬದಲು ವಿನಿಗರ್ ಹಾಕಿ ಅಂತ ತುಂಬ ಜನ ಹೇಳುತ್ತಾರೆ. ವಿನಿಗರ್ ಸುಣ್ಣವನ್ನು, ಸೋಪಿನ ಕ್ಷಾರವನ್ನು ತೆಗೆಯುತ್ತದೆ, ಅದರಿಂದ ಒರಟು ಕಡಿಮೆಯಾಗುತ್ತದೆ. ಕಂಡಿಷನರಿನ ಹಾಗೆ ಜಾರುವ ಪದರ ಕೊಡುವುದಿಲ್ಲ. ಟವೆಲ್‌ಗೆ ನಮಗೆ ಬೇಕಾದದ್ದೂ ಅಷ್ಟೇ ಅಲ್ವಾ?

ಇಲ್ಲೊಂದು ಸಣ್ಣ ಜಾಗ ಎಲ್ಲರ ಕಣ್ಣು ತಪ್ಪಿಸುತ್ತದೆ. ಮೆಷಿನ್‌ನ ಸೋಪಿನ ಡ್ರಾಯರ್‌ನಲ್ಲಿ ಹೂವಿನ ಚಿತ್ರ ಇರುವ ಖಾನೆ ಕಂಡಿಷನರ್‌ದು. ಅದರ ಮೇಲಿನ ಮುಚ್ಚಳ ಎತ್ತಿ ನೋಡಿ. ತಳದಲ್ಲಿ ಲೋಳೆಯಾಗಿ ಒಂದಿಷ್ಟು ಕೂತೇ ಇರುತ್ತದೆ. ನೀವು ಟವೆಲ್‌ಗೆ ಕಂಡಿಷನರ್ ಹಾಕದಿದ್ದರೂ ರಿನ್ಸ್ ನೀರು ಆ ಖಾನೆಯಿಂದ ಹಾದು ಬಂದು ಅದನ್ನು ಕರಗಿಸಿ ತರುತ್ತದೆ. ಡ್ರಾಯರನ್ನು ಪೂರ್ತಿ ಎಳೆದು ತೆಗೆದು ಬಿಸಿ ನೀರಿನಲ್ಲಿ ಹಳೆ ಹಲ್ಲುಜ್ಜುವ ಬ್ರಷ್‌ನಿಂದ ತೊಳೆಯಿರಿ. ಟವೆಲ್ ರಿಪೇರಿಗಿಂತ ಮೊದಲು ಈ ಕೆಲಸ ಆಗಲಿ.

ಮಗನ ಟೀ ಶರ್ಟಿಗೆ ಬರೋಣ. ಜಿಮ್ ಬಟ್ಟೆ ಹೆಚ್ಚಾಗಿ ಪಾಲಿಯೆಸ್ಟರ್, ಜೊತೆಗೆ ಎಳೆತಕ್ಕೆ ಸ್ವಲ್ಪ ಸ್ಪ್ಯಾಂಡೆಕ್ಸ್. ಹತ್ತಿ ಮಾಮೂಲಿ ಹವೆಯಲ್ಲೇ ತನ್ನ ತೂಕದ ನೂರಕ್ಕೆ ಎಂಟರಷ್ಟು ತೇವವನ್ನು ಒಳಗೆ ಇಟ್ಟುಕೊಂಡಿರುತ್ತದೆ. ಪಾಲಿಯೆಸ್ಟರ್ ನೂರಕ್ಕೆ ಅರ್ಧದಷ್ಟೂ ಇಟ್ಟುಕೊಳ್ಳುವುದಿಲ್ಲ. ಅಂದರೆ ಈ ಬಟ್ಟೆಯ ಎಳೆ ಬೆವರನ್ನು ಕುಡಿಯುವುದೇ ಇಲ್ಲ. ಅದು ಬೆವರನ್ನು ಎಳೆಯ ಮೇಲ್ಮೈ ಉದ್ದಕ್ಕೂ ಸಾಗಿಸಿ, ಬಟ್ಟೆಯ ಹೊರಮೈಗೆ ತಂದು ಅಗಲವಾಗಿ ಹರಡಿ, ಗಾಳಿಗೆ ಒಣಗಿಸುತ್ತದೆ. ಇದಕ್ಕಾಗಿ ಕೆಲವು ಎಳೆಗಳನ್ನು ಉದ್ದಕ್ಕೆ ಸಣ್ಣ ಕಾಲುವೆ ಇರುವಂತೆ ನೂತಿರುತ್ತಾರೆ, ಮೇಲೆ ನೀರನ್ನು ಸೆಳೆಯುವ ಒಂದು ಲೇಪ ಕೊಟ್ಟಿರುತ್ತಾರೆ. ಟವೆಲ್‌ನಲ್ಲಿ ಕಂಡಿಷನರ್ ಹೀರುವುದನ್ನು ನಿಧಾನ ಮಾಡಿತು. ಇಲ್ಲಿ ಅದು ಕಾಲುವೆಯ ದಂಡೆಗೇ ಜಿಡ್ಡು ಬಳಿಯುತ್ತದೆ. ಬೆವರು ಒಳಗೇ ನಿಂತು ಬಟ್ಟೆ ಬೆನ್ನಿಗೆ ಅಂಟುತ್ತದೆ.

ವಾಸನೆಯ ಕಥೆ ಇದಕ್ಕೆ ಹೊಂದಿಕೊಂಡೇ ಇದೆ. ಪಾಲಿಯೆಸ್ಟರಿಗೆ ನೀರು ಬೇಡ, ಎಣ್ಣೆ ಬೇಕು. ಮೈಯ ಜಿಡ್ಡನ್ನು ಅದು ಬಿಡದೆ ಹಿಡಿದುಕೊಳ್ಳುತ್ತದೆ. ಬೆಲ್ಜಿಯಂನ ಘೆಂಟ್ ವಿಶ್ವವಿದ್ಯಾಲಯದವರು 2014ರಲ್ಲಿ ಜಿಮ್ ಮಾಡಿದವರ ಬಟ್ಟೆಗಳನ್ನು ಪರೀಕ್ಷಿಸಿದಾಗ, ಹತ್ತಿಗಿಂತ ಪಾಲಿಯೆಸ್ಟರ್ ಬಟ್ಟೆಯ ವಾಸನೆ ಜಾಸ್ತಿ ಅಸಹ್ಯ ಅನ್ನಿಸಿತು. ಮೈಕ್ರೋಕಾಕಸ್ ಅನ್ನುವ ಬ್ಯಾಕ್ಟೀರಿಯಾ ಪಾಲಿಯೆಸ್ಟರ್ ಮೇಲೆ ಹುಲುಸಾಗಿ ಬೆಳೆದಿತ್ತು. ಈ ಜಿಡ್ಡಿನ ಮೇಲೆ ಕಂಡಿಷನರಿನ ಪದರ ಬಿದ್ದರೆ ಮುಂದಿನ ಒಗೆತದಲ್ಲಿ ಸೋಪು ಒಳಗಿನ ಜಿಡ್ಡನ್ನು ಮುಟ್ಟುವುದು ಕಷ್ಟವಾಗುತ್ತದೆ. ಒಣಗಿದಾಗ ಕಂಡಿಷನರಿನ ಪರಿಮಳ ಮುಂದಿರುತ್ತದೆ, ಹಾಗಾಗಿ ಬಟ್ಟೆ ಶುಭ್ರ ಅನ್ನಿಸುತ್ತದೆ. ಮೈ ಬಿಸಿಯಾಗಿ ಬೆವರು ತಗುಲಿದ ಕೂಡಲೇ ಅಡಗಿದ್ದ ವಾಸನೆ ಏಳುತ್ತದೆ. ನಿಮ್ಮ ಹತ್ತು ನಿಮಿಷದ ಲೆಕ್ಕ ಇದೇ.

ಟೀ ಶರ್ಟಿನ ಒಳಮೈ ಮೇಲೆ ಹನಿ ಬಿಟ್ಟು ನೋಡಿ. ಒಳ್ಳೆ ಸ್ಥಿತಿಯ ಬಟ್ಟೆಯಲ್ಲಿ ಹನಿ ತಕ್ಷಣ ಇಂಗಿ, ತಿರುಗಿಸಿ ನೋಡಿದರೆ ಹೊರಗಡೆ ಇನ್ನೂ ದೊಡ್ಡ ಒದ್ದೆ ಕಲೆ ಕಾಣಬೇಕು. ಒಳಗಡೆಯೇ ಉಂಡೆಯಾಗಿ ನಿಂತರೆ ದಾರಿ ಮುಚ್ಚಿದೆ.

ಇದಕ್ಕೆ ಟವೆಲಿನ ಬಿಸಿ ನೀರು ಬೇಡ, ಸ್ಪ್ಯಾಂಡೆಕ್ಸ್ ಬಿಸಿಗೆ ಸಡಿಲವಾಗುತ್ತದೆ. ಕ್ಲೋರಿನ್ ಬ್ಲೀಚ್ ಮುಟ್ಟಿಸಲೇಬೇಡಿ. 40 ಡಿಗ್ರಿ, ಅಂದರೆ ಮಗುವಿನ ಸ್ನಾನಕ್ಕೆ ಬಿಡುವಷ್ಟು ಬೆಚ್ಚಗಿನ ನೀರಿನಲ್ಲಿ, ಎಂಜೈಮ್ ಇರುವ ಡಿಟರ್ಜೆಂಟ್ ಕದಡಿ, ಬಟ್ಟೆಯನ್ನು ಒಳಗಡೆ ಹೊರಗೆ ಮಾಡಿ ಒಂದು ಗಂಟೆ ನೆನೆಸಿ. ಕಂಕುಳು, ಬೆನ್ನಿನ ಜಾಗವನ್ನು ಕೈಯಲ್ಲೇ ಮೆಲ್ಲಗೆ ಉಜ್ಜಿ. ವಾಸನೆ ಬಲವಾಗಿದ್ದರೆ ಅದೇ ನೀರಿಗೆ ಒಂದು ಚಮಚ ಆಕ್ಸಿಜನ್ ಬ್ಲೀಚ್ ಪುಡಿ ಸೇರಿಸಬಹುದು, ಬಣ್ಣದ ಮೂಲೆ ನೋಡಿಕೊಂಡು. ಆಮೇಲೆ ಮಾಮೂಲಿ ಒಗೆತ, ನೆರಳಲ್ಲಿ ಒಣಗಿಸುವುದು. ಇದನ್ನು ಎರಡು ಮೂರು ಸಲ ಮಾಡಬೇಕಾಗಬಹುದು. ಮಗನಿಗೂ ಒಂದು ಮಾತು ಹೇಳಿ: ಜಿಮ್‌ನಿಂದ ಬಂದ ಬಟ್ಟೆಯನ್ನು ಬ್ಯಾಗಿನಲ್ಲೇ ರಾತ್ರಿಯಿಡೀ ಮುದುಡಿ ಇಡಬಾರದು. ಒಗೆಯಲು ಆಗದಿದ್ದರೆ ಹಗ್ಗದ ಮೇಲಾದರೂ ಹಾಕಲಿ.

ಮೂರು ಸಲವಾದ ಮೇಲೂ ಹನಿ ನಿಲ್ಲುತ್ತಿದ್ದರೆ ಬಟ್ಟೆಯ ಲೇಪವೇ ಸವೆದಿದೆ. ಅದು ಶಾಶ್ವತವಾದದ್ದಲ್ಲ, ಒಗೆತಗಳಲ್ಲಿ ನಿಧಾನಕ್ಕೆ ಹೋಗುತ್ತದೆ, ಮನೆಯಲ್ಲಿ ಮತ್ತೆ ಕೊಡಲು ಬರುವುದಿಲ್ಲ. ಆ ಟೀ ಶರ್ಟನ್ನು ಮನೆಯ ಬಳಕೆಗೆ ಇಟ್ಟು ಹೊಸದು ತರಿಸಿ, ಹೊಸದಕ್ಕೆ ಮೊದಲ ಒಗೆತದಿಂದಲೇ ಕಂಡಿಷನರ್ ಬೇಡ. ಮೈಕ್ರೋಫೈಬರ್ ಬಟ್ಟೆ, ಅಡುಗೆಮನೆಯ ಮಸಿಬಟ್ಟೆ, ಮಗುವಿನ ಲಂಗೋಟಿ, ಇವಕ್ಕೂ ಇದೇ ಮಾತು.

ಮನೆಯಲ್ಲಿರುವ ಬಾಟಲಿಯನ್ನು ಎಸೆಯಬೇಡಿ, ಅದಕ್ಕೆ ಒಳ್ಳೆ ಕೆಲಸಗಳಿವೆ. ನೂಲಿನ ಎಳೆಗಳು ಜಾರಬೇಕು, ನೀರು ಕುಡಿಯುವ ಕೆಲಸ ಇಲ್ಲ ಅನ್ನುವಂಥ ಬಟ್ಟೆ ಯಾವುದಾದರೂ ಸರಿ. ಡಿಸೆಂಬರ್, ಜನವರಿಯ ಒಣ ಹವೆಯಲ್ಲಿ, ಅದರಲ್ಲೂ ಕಲಬುರಗಿ, ವಿಜಯಪುರದ ಕಡೆ, ಪಾಲಿಯೆಸ್ಟರ್ ಸೀರೆ ಕಾಲಿಗೆ ಅಂಟಿಕೊಳ್ಳುತ್ತದೆ, ಸ್ವೆಟರ್ ತೆಗೆಯುವಾಗ ಚಟಚಟ ಅನ್ನುತ್ತದೆ. ಕಂಡಿಷನರಿನ ಪದರ ಗಾಳಿಯ ತೇವವನ್ನು ಸ್ವಲ್ಪ ಹಿಡಿದಿಟ್ಟು ಆ ವಿದ್ಯುತ್ ಹರಿದುಹೋಗಲು ದಾರಿ ಕೊಡುತ್ತದೆ, ತಿಕ್ಕಾಟವನ್ನೂ ಕಡಿಮೆ ಮಾಡುತ್ತದೆ. ಅಕ್ರಿಲಿಕ್ ಸ್ವೆಟರ್ ಒರಟಾಗಿ ಗಂಟು ಗಂಟಾಗುವುದೂ ತಡವಾಗುತ್ತದೆ. ಗಡಸು ನೀರಿನಲ್ಲಿ ಒಗೆದ ಹತ್ತಿ ಬೆಡ್‌ಶೀಟ್, ಜೀನ್ಸ್, ದಪ್ಪ ಕುರ್ತಾಕ್ಕೆ ಅದರ ಮೆತ್ತನೆ ಸುಖ ಕೊಡುತ್ತದೆ, ಇಸ್ತ್ರಿ ಸುಲಭವಾಗುತ್ತದೆ. ಗಂಜಿ ಹಾಕುವ ಸೀರೆ, ಪಂಚೆಗೆ ಮಾತ್ರ ಹಾಕಬೇಡಿ. ಒಂದು ಕಡೆ ಗಟ್ಟಿ ಮಾಡಿ, ಇನ್ನೊಂದು ಕಡೆ ಮೆತ್ತಗೆ ಮಾಡಿದ ಹಾಗಾಗುತ್ತದೆ.

ಹಾಕುವ ರೀತಿಯಲ್ಲೂ ಒಂದು ತಪ್ಪು ಸಾಮಾನ್ಯ. ಬಕೆಟ್‌ನಲ್ಲಿ ಅಥವಾ ಸೆಮಿ ಆಟೊಮ್ಯಾಟಿಕ್ ಮೆಷಿನ್‌ನಲ್ಲಿ ಒಗೆಯುವವರು ಸೋಪಿನ ಜೊತೆಯೇ ಕಂಡಿಷನರ್ ಸುರಿಯುತ್ತಾರೆ. ಸೋಪಿನ ಪುಡಿಯ ಮುಖ್ಯ ವಸ್ತುವಿಗೆ ಋಣ ವಿದ್ಯುದಂಶ, ಕಂಡಿಷನರಿಗೆ ಧನ. ಎರಡೂ ಒಂದನ್ನೊಂದು ಹಿಡಿದುಕೊಂಡು ಮೇಣದಂಥ ಮುದ್ದೆಯಾಗುತ್ತವೆ. ಬಟ್ಟೆ ಕೊಳೆಯೂ ಹೋಗುವುದಿಲ್ಲ, ಮೆತ್ತಗೂ ಆಗುವುದಿಲ್ಲ, ಮೇಲೆ ಎಣ್ಣೆ ಬಿದ್ದ ಹಾಗೆ ಕಲೆ. ಸೋಪು ಪೂರ್ತಿ ಜಾಲಿಹೋದ ಮೇಲೆ, ಕೊನೆಯ ನೀರಿನಲ್ಲಿ, ಬಾಟಲಿಯ ಮೇಲೆ ಬರೆದ ಅಳತೆಯ ಅರ್ಧದಿಂದ ಶುರು ಮಾಡಿ. ಮೊದಲು ಒಂದು ಮಗ್ ನೀರಿನಲ್ಲಿ ಕದಡಿ, ಆಮೇಲೆ ಬಕೆಟ್‌ಗೆ ಬೆರೆಸಿ. ಬಟ್ಟೆಯ ಮೇಲೆ ನೇರ ಸುರಿದರೆ ಅಲ್ಲೇ ಕಲೆ ಕೂರುತ್ತದೆ. ಅಂಥ ಕಲೆ ಬಿದ್ದರೆ ಒದ್ದೆ ಮಾಡಿ ಸ್ವಲ್ಪ ಲಿಕ್ವಿಡ್ ಸೋಪು ಹಚ್ಚಿ ಉಜ್ಜಿ ಒಗೆಯಿರಿ, ಹೋಗುತ್ತದೆ.

ನಿಮ್ಮ ನಾಲ್ಕು ಟವೆಲ್‌ಗಳಲ್ಲಿ ಒಂದನ್ನು ಮಾತ್ರ ಮೊದಲು ನೆನೆಸಿ. ಮಿಕ್ಕ ಮೂರು ಹಾಗೇ ಇರಲಿ. ಒಣಗಿದ ಮೇಲೆ ಪಕ್ಕಪಕ್ಕ ಹರಡಿ ಎರಡರ ಮೇಲೂ ಹನಿ ಬಿಟ್ಟು ಎಣಿಸಿ, ಸೆಕೆಂಡುಗಳನ್ನು ನನಗೆ ಬರೆಯಿರಿ. ಎರಡಕ್ಕೂ ವ್ಯತ್ಯಾಸ ಕಾಣದಿದ್ದರೆ ಲೇಬಲ್ ಫೋಟೊ ಕೂಡ ಕಳಿಸಿ, ಬಟ್ಟೆ ಯಾವುದು ಅಂತ ನೋಡೋಣ.